ಗೊಂಬೆ ಮಾಯ, ಕತ್ತು ಮಾತ್ರ ಉಳಿಯಬೇಕು

ಫೋನಿನಲ್ಲಿ ಕುರ್ತಾ ಹುಡುಕುವಾಗ ಮುಂದಿನ ಸಲ ಅದರ ಕತ್ತಿನೊಳಗೆ ಸ್ವಲ್ಪ ಇಣುಕಿ ನೋಡಿ. ಬೆನ್ನಿನ ಒಳಬದಿಯಲ್ಲಿ ಒಂದು ಪುಟ್ಟ ಲೇಬಲ್ಲು, ಅದರ ಕೆಳಗೆ ಅಳತೆಯ ಅಕ್ಷರ, ಸುತ್ತ ಮಂದವಾದ ನೆರಳು. ಭುಜ ತುಂಬಿಕೊಂಡಿದೆ, ಎದೆ ಉಬ್ಬಿದೆ, ತೋಳು ದುಂಡಗಿದೆ. ತೊಟ್ಟವರು ಮಾತ್ರ ಇಲ್ಲ. ಗಾಳಿಯೇ ಕುರ್ತಾ ಹಾಕಿಕೊಂಡು ನಿಂತ ಹಾಗಿದೆ.

ಆ ಲೇಬಲ್ಲು ಮೊದಲು ತೆಗೆದ ಫೋಟೋದಲ್ಲಿ ಇರಲೇ ಇಲ್ಲ. ಕುರ್ತಾ ತೊಟ್ಟು ನಿಂತಿದ್ದ ಗೊಂಬೆಯ ದಪ್ಪ ಕತ್ತು ಅದಕ್ಕೆ ಅಡ್ಡವಾಗಿತ್ತು. ಗೊಂಬೆಯನ್ನು ಕಂಪ್ಯೂಟರಿನಲ್ಲಿ ಅಳಿಸಿದರೆ ಅದರ ಹಿಂದೆ ಅಡಗಿದ್ದ ಬಟ್ಟೆ ತಾನಾಗಿ ಎದ್ದು ಬರುವುದಿಲ್ಲ. ಕ್ಯಾಮೆರಾ ಕಾಣದಿದ್ದದ್ದು ಫೋಟೋದಲ್ಲಿ ಎಲ್ಲಿಂದ ಬರಬೇಕು? ಅಲ್ಲಿ ಉಳಿಯುವುದು ಬಿಳಿ ತೂತು. ಕುರ್ತಾದ ಮುಂಭಾಗವನ್ನು ಕತ್ತರಿಯಿಂದ ಕತ್ತರಿಸಿ ಗೋಡೆಗೆ ಅಂಟಿಸಿದ ಹಾಗೆ ಕಾಣುತ್ತದೆ. ಆದ್ದರಿಂದ ನೀವು ನೋಡುವ ಒಂದು ಫೋಟೋ ನಿಜಕ್ಕೂ ಎರಡು ಫೋಟೋ. ಒಂದು ಹೊರಗಿನದು, ಇನ್ನೊಂದು ಕತ್ತಿನ ಒಳಗಿನದು. ಎರಡನ್ನೂ ಬೆಸೆಯುವ ಈ ಕೆಲಸಕ್ಕೆ ‘ಘೋಸ್ಟ್ ಮ್ಯಾನಿಕಿನ್’ ಎಂದು ಹೆಸರು. ಎಡಿಟಿಂಗ್ ಮಾಡುವವರ ಬಾಯಲ್ಲಿ ಅದು ಬರೀ ‘ನೆಕ್ ಜಾಯಿಂಟ್’.

ಕೆಲವು ವರ್ಷ ನಾನೂ ಬೆಂಗಳೂರಿನ ಒಂದು ಬಾಡಿಗೆ ಕೋಣೆಯಲ್ಲಿ ಈ ಕೆಲಸ ಮಾಡಿದ್ದೇನೆ. ಬಟ್ಟೆಯನ್ನು ಪರದೆಯ ಮೇಲೆ ಮಾರುವ ಫ್ಲಿಪ್‌ಕಾರ್ಟ್, ಮಿಂತ್ರ ಎರಡೂ 2007ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅವುಗಳ ಬೆನ್ನಿಗೇ ನಮ್ಮಂಥ ಸಣ್ಣ ಸ್ಟುಡಿಯೋಗಳೂ ಹುಟ್ಟಿಕೊಂಡವು. ಚಿಕ್ಕಪೇಟೆಯ ಕಡೆಯಿಂದ ಮೂಟೆ ಹೊತ್ತು ತಂದ ಮೊದಲ ವ್ಯಾಪಾರಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಸಾರ್, ಗೊಂಬೆ ಕಾಣ್ಬಾರ್ದು. ಆದ್ರೆ ಗೊಂಬೆ ಹಾಕ್ಕೊಂಡಂಗೇ ಇರ್ಬೇಕು.” ಇಡೀ ವಿದ್ಯೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಈ ಕಷ್ಟ ಫೋಟೋಶಾಪಿಗಿಂತ ಹಳೆಯದು. 1933ರಲ್ಲಿ ಹಾಲಿವುಡ್ಡಿನಲ್ಲಿ ‘ದಿ ಇನ್‌ವಿಸಿಬಲ್ ಮ್ಯಾನ್’ ಸಿನಿಮಾ ಬಂತು. ಕಣ್ಣಿಗೆ ಕಾಣದ ಮನುಷ್ಯನ ಅಂಗಿ ಮಾತ್ರ ಓಡಾಡುವುದನ್ನು ತೋರಿಸಬೇಕಿತ್ತು. ಜಾನ್ ಫುಲ್ಟನ್ ಎಂಬ ತಂತ್ರಜ್ಞ ನಟನಿಗೆ ತಲೆಯಿಂದ ಕಾಲಿನವರೆಗೆ ಕಪ್ಪು ವೆಲ್ವೆಟ್ ಹೊದಿಸಿ, ಅದರ ಮೇಲೆ ಬಟ್ಟೆ ತೊಡಿಸಿ, ಕಪ್ಪು ವೆಲ್ವೆಟ್ ಪರದೆಯ ಮುಂದೆ ಚಿತ್ರೀಕರಿಸಿದ. ಕಪ್ಪಿನಲ್ಲಿ ಕಪ್ಪು ಕರಗಿ ಬಟ್ಟೆ ಮಾತ್ರ ಉಳಿಯಿತು. ಆದರೆ ವೆಲ್ವೆಟ್ ಸುತ್ತಿದ ಕತ್ತೂ ಕತ್ತೇ ಅಲ್ಲವೇ? ಕಾಲರಿನ ಒಳಬದಿಗೆ ಅದು ಅಡ್ಡ ಬಂದೇ ಬರುತ್ತದೆ. ಉಳಿದುಕೊಂಡ ದೋಷಗಳನ್ನು ಫಿಲ್ಮಿನ ಒಂದೊಂದು ಚೌಕದ ಮೇಲೂ ಕೈಯಲ್ಲೇ ತಿದ್ದಬೇಕಾಯಿತು. ನಾವು ಪರದೆಯ ಮೇಲೆ ಇವತ್ತು ಮಾಡುವುದೂ ಅದೇ ತಿದ್ದುಪಡಿ.

ಒಂದೇ ಒಂದು ಕುರ್ತಾ ಹಿಡಿದು ಈ ಕೆಲಸವನ್ನು ಮೊದಲಿನಿಂದ ನೋಡೋಣ. ನೀಲಿ ಹತ್ತಿ ಬಟ್ಟೆ, ಬಿಳಿ ಬುಟ್ಟಿ, ಮುಕ್ಕಾಲು ತೋಳು. ಉದ್ದ 44 ಇಂಚು. ಮುಂಗತ್ತಿನ ಆಳ ಆರೂವರೆ ಇಂಚು, ಹಿಂಗತ್ತಿನದು ಒಂದೇ ಇಂಚು. ಈ ಎರಡು ಆಳಗಳ ನಡುವಿನ ಐದೂವರೆ ಇಂಚಿನ ಜಾಗವೇ ನಮ್ಮ ತಲೆನೋವು. ಮುಂದಿನಿಂದ ನೋಡಿದಾಗ ಬೆನ್ನಿನ ಒಳಬದಿ ಕಾಣಬೇಕಾದದ್ದು ಅಲ್ಲೇ.

ಕುರ್ತಾವನ್ನು ಇಸ್ತ್ರಿಪೆಟ್ಟಿಗೆಗಿಂತ ಹಬೆಯಿಂದ ಸುಕ್ಕು ಬಿಡಿಸುವುದು ಒಳ್ಳೆಯದು. ಇಸ್ತ್ರಿ ಒತ್ತಿದರೆ ತೋಳಿನ ಮೇಲೆ ಮಡಿಕೆಯ ಗೆರೆ ಬೀಳುತ್ತದೆ, ತೋಳು ದುಂಡಗಿರದೆ ಚಪ್ಪಟೆಯಾಗುತ್ತದೆ. ಗೊಂಬೆಗೆ ತೊಡಿಸಿದ ಮೇಲೆ ತೋಳಿನೊಳಗೆ ತೆಳು ಕಾಗದವನ್ನು ಉಂಡೆ ಮಾಡಿ ತುಂಬುತ್ತೇವೆ. ಸೊಂಟದಲ್ಲಿ ಸಡಿಲವಿದ್ದರೆ ಬೆನ್ನ ಹಿಂದೆ ಕ್ಲಿಪ್ಪು ಹಾಕಿ ಹಿಡಿಯುತ್ತೇವೆ. ಅಂಗಡಿಯ ಗಾಜಿನೊಳಗಿನ ಗೊಂಬೆ ಹಿಂದಿನಿಂದ ನೋಡಿದರೆ ಗುಂಡುಪಿನ್ನುಗಳ ಮುಳ್ಳುಹಂದಿಯಾಗಿರುತ್ತದಲ್ಲ, ಹಾಗೆಯೇ. ಇಲ್ಲಿ ಒಂದು ಸಣ್ಣ ಮೋಸ ನುಸುಳುವ ದಾರಿಯಿದೆ. ಎರಡು ಬದಿಯಿಂದಲೂ ಎರಡೆರಡು ಇಂಚು ಎಳೆದು ಕ್ಲಿಪ್ಪು ಹಾಕಿದರೆ ಜೋಳಿಗೆಯಂಥ ಕುರ್ತಾವೂ ಮೈಗೆ ಹೊಲಿದ ಹಾಗೆ ಕಾಣುತ್ತದೆ. ಕೊಂಡವರು ಮನೆಯಲ್ಲಿ ತೊಟ್ಟು ನೋಡಿದಾಗ ಆ ಕ್ಲಿಪ್ಪು ಇರುವುದಿಲ್ಲ. ಬಟ್ಟೆ ನಿಲ್ಲುವಷ್ಟು ಹಿಡಿಯಬೇಕು, ಅಳತೆ ಬದಲಾಗುವಷ್ಟು ಎಳೆಯಬಾರದು. ಬಟ್ಟೆಯ ಅಳತೆಗೆ ಸರಿಹೊಂದುವ ಗೊಂಬೆ ಇದ್ದರೆ ಈ ಪೇಚೇ ಇರುವುದಿಲ್ಲ.

ಇನ್ನು ಕ್ಯಾಮೆರಾ. ಎಡಿಟಿಂಗ್ ಕಲಿಯಲು ಬಂದ ಹುಡುಗರು ಇದನ್ನು ಹಗುರವಾಗಿ ತೆಗೆದುಕೊಂಡು ಆಮೇಲೆ ಪರದೆಯ ಮುಂದೆ ತಲೆ ಕೆರೆದುಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕತ್ತಿನ ಒಳಗೆ ಎಷ್ಟು ಕಾಣುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಕ್ಯಾಮೆರಾದ ಎತ್ತರ ಮತ್ತು ದೂರ. ನಾವು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕುರ್ತಾದ ನಡುಮಟ್ಟಕ್ಕೆ, ಮೂರು ಮೀಟರ್ ದೂರದಲ್ಲಿ, 85 ಎಂಎಂ ಲೆನ್ಸ್ ಹಾಕಿ ನಿಲ್ಲಿಸುತ್ತಿದ್ದೆವು. ಆ ದೂರದಿಂದ ಚೌಕಟ್ಟಿನ ಎತ್ತರಕ್ಕೆ ಸುಮಾರು 127 ಸೆಂಟಿಮೀಟರ್ ಹಿಡಿಸುತ್ತದೆ. ಕುರ್ತಾ 112 ಸೆಂಟಿಮೀಟರ್. ಮೇಲೂ ಕೆಳಗೂ ಚೂರು ಬಿಳಿ ಉಳಿಯುತ್ತದೆ.

ಹಿಂಗತ್ತಿನ ಅಂಚು ಕ್ಯಾಮೆರಾಗಿಂತ ಅರ್ಧ ಮೀಟರ್ ಮೇಲಿದೆ, ಮುಂಗತ್ತಿಗಿಂತ ಸುಮಾರು 15 ಸೆಂಟಿಮೀಟರ್ ಹಿಂದಿದೆ ಎಂದುಕೊಳ್ಳಿ. ಕೆಳಗಿನಿಂದ ನೋಡುವಾಗ ಹಿಂದಿರುವ ವಸ್ತು ತುಸು ತಗ್ಗಿದಂತೆ ಕಾಣುತ್ತದೆ. ಉದ್ದನೆಯ ಕಾರಿಡಾರಿನಲ್ಲಿ ದೂರದ ಚಾವಣಿ ಕೆಳಗಿಳಿದಂತೆ ಕಾಣುವುದಿಲ್ಲವೇ, ಅದೇ ಕಾರಣ. ಮೂರು ಮೀಟರಿನಿಂದ ನೋಡಿದರೆ ಹಿಂಗತ್ತು ಸುಮಾರು ಎರಡೂವರೆ ಸೆಂಟಿಮೀಟರ್ ತಗ್ಗುತ್ತದೆ. ಜಾಗ ಸಾಲದೆಂದು ಕ್ಯಾಮೆರಾವನ್ನು ಒಂದೂವರೆ ಮೀಟರಿಗೆ ತಂದರೆ ನಾಲ್ಕೂವರೆ ಸೆಂಟಿಮೀಟರ್ ತಗ್ಗುತ್ತದೆ. ಅಂದರೆ ಹೊರಗಿನ ಫೋಟೋವನ್ನು ದೂರದಿಂದ, ಒಳಗಿನದನ್ನು ಹತ್ತಿರದಿಂದ ತೆಗೆದರೆ ಎರಡೂ ಕೂಡುವುದೇ ಇಲ್ಲ. ಒಂದು ಕಡೆ ಭುಜ ಸೇರಿದರೆ ಇನ್ನೊಂದು ಕಡೆ ಅಂಚು ಎದ್ದು ನಿಲ್ಲುತ್ತದೆ. ಅದಕ್ಕೇ ಸ್ಟ್ಯಾಂಡಿನ ಮೂರು ಕಾಲಿನ ಗುರುತಿಗೆ ನೆಲದ ಮೇಲೆ ಟೇಪು ಅಂಟಿಸಿರುತ್ತಿದ್ದೆವು. ಕಸ ಗುಡಿಸಲು ಬಂದ ಅಮ್ಮ ಒಂದು ದಿನ ಅದನ್ನು ಕಿತ್ತು ಹಾಕಿದ್ದರಿಂದ ಅರ್ಧ ದಿನದ ಕೆಲಸ ಹೋಗಿತ್ತು. ತಪ್ಪು ಅವರದಲ್ಲ, ಬರೀ ಟೇಪು, ಯಾರಿಗೆ ಏನು ಗೊತ್ತಾಗಬೇಕು?

ದೀಪವೂ ಹಾಗೆಯೇ ಕದಲಬಾರದು. ಎರಡು ಬದಿಯಿಂದ ಬಟ್ಟೆ ಕಟ್ಟಿದ ಮೃದು ದೀಪ, ಹಿಂದಿನ ಬಿಳಿ ಪರದೆಗೆ ಬೇರೆಯದೇ ದೀಪ. ಬಣ್ಣದ ಹೊಂದಾಣಿಕೆಯನ್ನು ಕ್ಯಾಮೆರಾದ ಇಷ್ಟಕ್ಕೆ ಬಿಡದೆ ಬೂದು ಕಾರ್ಡು ತೋರಿಸಿ ಒಮ್ಮೆಗೇ ಕಟ್ಟಿಹಾಕಬೇಕು. ಇಲ್ಲವಾದರೆ ಹೊರಗಿನ ನೀಲಿ ಒಂದಾದರೆ ಒಳಗಿನ ನೀಲಿ ಇನ್ನೊಂದು.

ಈಗ ಎರಡನೆಯ ಫೋಟೋ. ಇದನ್ನು ತೆಗೆಯಲು ಎರಡು ದಾರಿಗಳನ್ನು ನಾನು ಬಳಸಿದ್ದೇನೆ. ಮೊದಲನೆಯದು ಕುರ್ತಾವನ್ನು ಒಳಹೊರಗು ಮಾಡಿ ಅದೇ ಗೊಂಬೆಗೆ ತೊಡಿಸಿ, ಗೊಂಬೆಯ ಬೆನ್ನನ್ನು ಕ್ಯಾಮೆರಾದ ಕಡೆಗೆ ತಿರುಗಿಸುವುದು. ಬೆನ್ನಿನ ಒಳಬದಿ, ಒಳಪಟ್ಟಿ, ಹೊಲಿಗೆ, ಲೇಬಲ್ಲು ಎಲ್ಲ ಎದುರಿಗೇ ಬರುತ್ತವೆ. ಎಡಬಲ ಅದಲುಬದಲಾಗುತ್ತದೆಯೇನೋ ಎಂದು ಹೊಸಬರು ಫೋಟೋವನ್ನು ತಿರುವಿಹಾಕುವುದುಂಟು. ಹಾಗೆ ಮಾಡಬಾರದು. ಒಳಹೊರಗು ಮಾಡಿದಾಗ ತೋಳುಗಳು ಒಮ್ಮೆ ಬದಲಾಗುತ್ತವೆ, ಗೊಂಬೆಯನ್ನು ತಿರುಗಿಸಿದಾಗ ಇನ್ನೊಮ್ಮೆ ಬದಲಾಗಿ ಮೊದಲಿನ ಜಾಗಕ್ಕೇ ಬರುತ್ತವೆ. ಲೇಬಲ್ಲಿನ ಅಕ್ಷರ ನೆಟ್ಟಗೆ ಓದುವಂತಿದ್ದರೆ ಎಲ್ಲ ಸರಿಯಿದೆ ಎಂದೇ ಅರ್ಥ.

ಆದರೆ ಈ ದಾರಿಯಲ್ಲಿ ಒಂದು ಸುಳ್ಳಿದೆ. ನಿಜಕ್ಕೂ ಕತ್ತಿನೊಳಗೆ ನೋಡುವಾಗ ಬೆನ್ನಿನ ಬಟ್ಟೆ ಬಟ್ಟಲಿನ ಒಳಮೈಯಂತೆ ನಮ್ಮಿಂದ ದೂರಕ್ಕೆ ಬಾಗಿರುತ್ತದೆ. ಒಳಹೊರಗು ಮಾಡಿ ತೊಡಿಸಿದಾಗ ಅದು ಬಟ್ಟಲಿನ ಹೊರಮೈಯಂತೆ ನಮ್ಮ ಕಡೆಗೇ ಉಬ್ಬಿರುತ್ತದೆ. ಅಂಚಿನ ನಡುಭಾಗ ದೂರವಿದ್ದು ತಗ್ಗಬೇಕಿತ್ತು. ಈಗ ಹತ್ತಿರ ಬಂದು ಎತ್ತರದಲ್ಲೇ ಉಳಿಯುತ್ತದೆ. ಬೆಳಕೂ ತಿರುಗುಮುರುಗಾಗುತ್ತದೆ. ಗುಳಿಯಲ್ಲಿ ಬೀಳಬೇಕಾದ ನೆರಳು ಇರುವುದೇ ಇಲ್ಲ. ಇವೆರಡನ್ನೂ ಆಮೇಲೆ ಪರದೆಯ ಮೇಲೆ ಸರಿಪಡಿಸಬೇಕು.

ಎರಡನೆಯ ದಾರಿ ರಟ್ಟಿನದು, ನನಗೆ ಇದೇ ಇಷ್ಟ. ಗಟ್ಟಿ ಬಿಳಿ ರಟ್ಟನ್ನು ಭುಜದಿಂದ ಭುಜಕ್ಕೆ ಹಿಡಿಯುವಷ್ಟು ಅಗಲಕ್ಕೆ, ಹಿಂಗತ್ತಿನ ಆಕಾರಕ್ಕೆ ಕತ್ತರಿಸಿ, ತುಸು ಒಳಕ್ಕೆ ಬಾಗಿಸಿ, ಅದರ ಮುಂದೆ ಕುರ್ತಾದ ಬೆನ್ನನ್ನು ಪಿನ್ನು ಹಾಕಿ ನಿಲ್ಲಿಸುವುದು. ಮುಂಭಾಗವನ್ನು ಕೆಳಕ್ಕೆ ಜಗ್ಗಿ ಹಿಡಿದರೆ ಒಳಬೆನ್ನು ಗುಳಿಯಾಗಿಯೇ ಕಾಣುತ್ತದೆ, ನೆರಳೂ ತಾನಾಗಿ ಬೀಳುತ್ತದೆ. ಸಮಯ ಮಾತ್ರ ಹೆಚ್ಚು ಬೇಕು. ದಿನಕ್ಕೆ ನೂರು ಬಟ್ಟೆ ಮುಗಿಸಬೇಕಾದ ಕಡೆ ರಟ್ಟು ಕತ್ತರಿಸುತ್ತ ಕೂರಲು ಯಾರೂ ಬಿಡುವುದಿಲ್ಲ. ಕತ್ತು, ಎದೆಯ ತುಂಡು ಕಳಚಿ ಬರುವ ಗೊಂಬೆಗಳೂ ಇವೆ. ಆ ತುಂಡು ತೆಗೆದರೆ ಒಳಬೆನ್ನು ನೇರವಾಗಿ ಕಂಡು ಒಂದೇ ಫೋಟೋದಲ್ಲಿ ಕೆಲಸ ಬಹುಪಾಲು ಮುಗಿಯುತ್ತದೆ. ಆದರೆ ಆಸರೆ ತಪ್ಪಿದ ಮೆತ್ತನೆಯ ಬಟ್ಟೆ ಒಳಕ್ಕೆ ಕುಸಿಯುತ್ತದೆ.

ನಮ್ಮ ನೀಲಿ ಕುರ್ತಾ ಮೊದಲನೆಯ ದಾರಿಯಲ್ಲೇ ಹೋಯಿತು ಎನ್ನೋಣ, ಹೆಚ್ಚಿನವು ಹೋಗುವುದೂ ಹಾಗೆಯೇ. ಫೋಟೋಶಾಪಿನಲ್ಲಿ ಹೊರಗಿನ ಫೋಟೋ ಮೇಲಿನ ಪದರ, ಒಳಗತ್ತಿನ ಫೋಟೋ ಕೆಳಗಿನ ಪದರ. ಪೆನ್ ಟೂಲಿನಿಂದ ಬಟ್ಟೆಯ ಅಂಚಿನುದ್ದಕ್ಕೂ ಗೆರೆ ಎಳೆದು ಗೊಂಬೆಯನ್ನೂ ಹಿನ್ನೆಲೆಯನ್ನೂ ಮರೆಮಾಡುತ್ತೇವೆ. ಅಳಿಸುವುದಲ್ಲ, ಮಾಸ್ಕ್ ಹಾಕಿ ಮರೆಮಾಡುವುದು. ತಪ್ಪಿದರೆ ಹಿಂದಕ್ಕೆ ಹೋಗಬಹುದು. ಗೆರೆಯನ್ನು ಅಂಚಿನ ಮೇಲಲ್ಲ, ಒಂದೆರಡು ಪಿಕ್ಸೆಲ್ ಒಳಗೆ ಎಳೆಯಬೇಕು. ಇಲ್ಲವಾದರೆ ಗೊಂಬೆಯ ಬಣ್ಣದ ತೆಳುವಾದ ಬಿಳಿ ಗೆರೆ ಕತ್ತಿನ ಸುತ್ತ ಉಳಿದುಬಿಡುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಅದು ಕಣ್ಣು ತಪ್ಪಿಸಬಹುದು. ಕೆಳಗೆ ನೀಲಿ ಒಳಬಟ್ಟೆ ಬಂದು ಕೂತ ಕೂಡಲೇ ಸುಣ್ಣದ ಗೀಟಿನಂತೆ ಎದ್ದು ಕಾಣುತ್ತದೆ. ಮುಂಗತ್ತಿನ ಅಂಚಿಗೆ ಮಡಿಸಿ ಹೊಲಿದ ದಪ್ಪವಿದೆಯಲ್ಲ, ಅದನ್ನು ಮಾತ್ರ ಕಡಿಯಬಾರದು. ಕಡಿದರೆ ಬಟ್ಟೆ ಕಾಗದದ ಹಾಗೆ ಕಾಣುತ್ತದೆ.

ಇನ್ನು ಒಳಗತ್ತನ್ನು ಕೂರಿಸುವುದು. ಮೊದಲು ಹೊಂದಿಸಬೇಕಾದದ್ದು ಎರಡು ಭುಜದ ಹೊಲಿಗೆಗಳನ್ನು. ಒಳಗಿನ ಹೊಲಿಗೆ ಹೊರಗಿನ ಹೊಲಿಗೆಗೆ ಬಂದು ಸೇರಬೇಕು, ಏಕೆಂದರೆ ನಿಜವಾದ ಬಟ್ಟೆಯಲ್ಲಿ ಅವೆರಡೂ ಒಂದೇ ಹೊಲಿಗೆ. ಆಮೇಲೆ `Edit > Transform > Warp` ತೆರೆದು ಅಂಚಿನ ನಡುಭಾಗವನ್ನು ಕೆಳಕ್ಕೆ ಎಳೆಯುವುದು. ಎಷ್ಟು? ಲೆಕ್ಕ ಆಗಲೇ ಆಗಿದೆ: ಸುಮಾರು ಎರಡೂವರೆ ಸೆಂಟಿಮೀಟರ್. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 127 ಸೆಂಟಿಮೀಟರಿಗೆ 6000 ಪಿಕ್ಸೆಲ್ ಎಂದರೆ ಒಂದು ಸೆಂಟಿಮೀಟರಿಗೆ 47. ಹಾಗಾದರೆ 110 ಪಿಕ್ಸೆಲಿನ ಆಸುಪಾಸು. ಕೆಲಸ ಕಲಿತವರು ಲೆಕ್ಕ ಹಾಕುವುದಿಲ್ಲ, ಕಣ್ಣಂದಾಜಿನಲ್ಲೇ ಎಳೆಯುತ್ತಾರೆ, ಅದು ಅಷ್ಟಕ್ಕೇ ಬಂದು ನಿಲ್ಲುತ್ತದೆ. ಎಳೆಯುವಾಗ ಲೇಬಲ್ಲಿನ ಮೇಲೆ ಒಂದು ಕಣ್ಣಿರಬೇಕು. ಚೌಕಾಕಾರದ ಲೇಬಲ್ಲು ಸೊಟ್ಟಗಾದರೆ, ಬಿಳಿ ಬುಟ್ಟಿಗಳು ಮೊಟ್ಟೆಯಾಕಾರಕ್ಕೆ ತಿರುಗಿದರೆ ಎಳೆದದ್ದು ಹೆಚ್ಚಾಗಿದೆ.

ಇಷ್ಟಾದರೂ ಫೋಟೋ ಇನ್ನೂ ಹೆಣದ ಹಾಗಿರುತ್ತದೆ. ಒಳಗತ್ತೂ ಹೊರಗಿನ ಬಟ್ಟೆಯೂ ಒಂದೇ ಸಮ ಬೆಳಗುತ್ತಿರುತ್ತವೆ. ಎರಡೂ ಒಂದೇ ಹಲಗೆಗೆ ಅಂಟಿಕೊಂಡಂತೆ ಕಾಣುತ್ತವೆ. ಕತ್ತಿನೊಳಗೆ ಗಾಳಿ ಇದೆ, ಒಂದು ಮೈ ಹಿಡಿಸುವಷ್ಟು ಜಾಗ ಇದೆ ಎಂದು ನಂಬಿಸುವುದು ನೆರಳು. ಎರಡು ಪದರಗಳ ನಡುವೆ ಹೊಸ ಪದರ ಸೇರಿಸಿ, ಅದು ಒಳಗತ್ತಿನ ಆಚೆಗೆ ಚೆಲ್ಲದಂತೆ ಕಟ್ಟಿ, `Multiply` ಎಂಬ ಬಗೆಗೆ ಇಟ್ಟು, ಮೃದು ಕುಂಚದಿಂದ ಬಳಿಯುತ್ತೇವೆ. ಬಣ್ಣ ಕಪ್ಪಲ್ಲ. ಕಪ್ಪು ಬಳಿದರೆ ಬಟ್ಟೆ ಮಸಿ ಹಿಡಿದಂತಾಗುತ್ತದೆ. ಅದೇ ಕುರ್ತಾದ ಮಡಿಕೆಯೊಳಗಿನ ಗಾಢ ನೀಲಿಯನ್ನು ಎತ್ತಿಕೊಳ್ಳಬೇಕು. ಮುಂಗತ್ತಿನ ಅಂಚಿನ ಹಿಂದೆ, ಬಟ್ಟೆ ಆಳಕ್ಕೆ ಇಳಿಯುವಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಭುಜದ ಮೂಲೆಗಳಲ್ಲಿ ಮತ್ತೆ ಒಂದು ಚೂರು. ನೂರಕ್ಕೆ ಹದಿನೈದು ಇಪ್ಪತ್ತರಷ್ಟು ಸಾಕು. ನೆರಳು ಬಿದ್ದ ಕ್ಷಣದಲ್ಲಿ ಬಟ್ಟೆ ಸರಕ್ಕನೆ ದುಂಡಗಾಗುತ್ತದೆ. ಸಾವಿರ ಸಲ ಮಾಡಿದ ಮೇಲೂ ಆ ಒಂದು ಕ್ಷಣ ನನಗೆ ಬೇಸರ ಬರಲಿಲ್ಲ.

ಕೆಳಗಡೆ ಕೆಲಸ ಕಡಿಮೆ. ಕ್ಯಾಮೆರಾ ನಡುಮಟ್ಟದಲ್ಲಿರುವುದರಿಂದ ಕುರ್ತಾದ ಕೆಳ ಅಂಚು ಮೇಲಿನಿಂದ ಕಂಡು, ಹಿಂಭಾಗದ ಅಂಚು ಮುಂಭಾಗದ ಹಿಂದೆ ತಾನೇ ಅಡಗುತ್ತದೆ. ಪಕ್ಕದ ಸೀಳಿನ ಸಂದಿಯಲ್ಲಿ ಗೊಂಬೆಯ ಕಬ್ಬಿಣದ ಕಂಬ ಇಣುಕುತ್ತಿದ್ದರೆ ಅದನ್ನೊಂದು ತೆಗೆದರಾಯಿತು. ಕೊನೆಗೆ ಹಿನ್ನೆಲೆ. ಅಮೆಜಾನಿನಂಥ ಅಂಗಡಿಗಳು ಮುಖ್ಯ ಫೋಟೋಗೆ ಅಪ್ಪಟ ಬಿಳಿ ಕೇಳುತ್ತವೆ, ಅಂದರೆ ಕೆಂಪು, ಹಸಿರು, ನೀಲಿ ಮೂರೂ 255. ವಸ್ತು ಚೌಕಟ್ಟಿನ ಶೇ. 85ರಷ್ಟನ್ನು ತುಂಬಿರಬೇಕು ಎನ್ನುತ್ತವೆ. ಬಿಳಿ ಕುರ್ತಾ ಬಂದರೆ ಇದೇ ಕಷ್ಟ. ಬಟ್ಟೆಯ ಬಿಳಿಯನ್ನು 240ರ ಹತ್ತಿರ ತಡೆದು ನಿಲ್ಲಿಸದಿದ್ದರೆ ಭುಜ ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಶುರುವಾಯಿತು ಎಂದು ಹೊಲಿದ ದರ್ಜಿಗೂ ಗೊತ್ತಾಗುವುದಿಲ್ಲ.

ಈ ವಿದ್ಯೆ ಸೋಲುವ ಬಟ್ಟೆಯೂ ಇದೆ. ಅಸ್ತರಿಲ್ಲದ ಶಿಫಾನು, ನೆಟ್ಟು. ಅಲ್ಲಿ ಗೊಂಬೆ ಬಟ್ಟೆಯ ಹಿಂದೆ ಮಾತ್ರ ಇರುವುದಿಲ್ಲ, ಬಟ್ಟೆಯ ಬಣ್ಣದೊಳಗೇ ಬೆರೆತಿರುತ್ತದೆ. ಎಳೆಗಳ ಸಂದಿಯಿಂದ ಅದರ ಎದೆ, ಕೈಯ ಕೀಲು, ಸೊಂಟದ ಗೆರೆ ಎಲ್ಲ ಕಾಣುತ್ತವೆ. ಎಲ್ಲಿಂದ ಕತ್ತರಿಸುತ್ತೀರಿ? ಅಂಥದ್ದನ್ನು ನಾವು ವ್ಯಾಪಾರಿಗೆ ವಾಪಸು ಕೊಟ್ಟು, “ಯಾರಿಗಾದರೂ ತೊಡಿಸಿ ತೆಗೆಸಿ” ಎನ್ನುತ್ತಿದ್ದೆವು.

ನನ್ನ ದೊಡ್ಡ ಎಡವಟ್ಟು ಆಗಿದ್ದು ಮಾತ್ರ ಸುಲಭದ ಬಟ್ಟೆಯಲ್ಲೇ. ಒಂದೇ ಕಟಿಂಗಿನ ಕುರ್ತಾಗಳು, ಆರು ಬಣ್ಣ. ಕತ್ತೆಲ್ಲ ಒಂದೇ ಆಕಾರ ತಾನೇ ಎಂದು ನೀಲಿ ಕುರ್ತಾದ ಒಳಗತ್ತನ್ನು ಮಾತ್ರ ಫೋಟೋ ತೆಗೆದು, ಬಣ್ಣ ಬದಲಿಸಿ ಉಳಿದ ಐದಕ್ಕೂ ಕೂರಿಸಿದೆ. ಈ ಅಡ್ಡದಾರಿ ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಬಟ್ಟೆಯ ಬಣ್ಣವೇನೋ ಚೆನ್ನಾಗಿಯೇ ಬದಲಾಯಿತು. ವಾರವಾದ ಮೇಲೆ ವ್ಯಾಪಾರಿ ಫೋನು ಮಾಡಿ, ಹಳದಿ ಕುರ್ತಾ ಕೊಂಡ ಹೆಂಗಸೊಬ್ಬರು ಬರೆದದ್ದನ್ನು ಓದಿ ಹೇಳಿದರು. ಫೋಟೋದಲ್ಲಿ ಕತ್ತಿನ ಒಳಪಟ್ಟಿಗೆ ನೀಲಿ ದಾರದ ಹೊಲಿಗೆ ಇದೆ, ಅದು ಚೆಂದ ಕಂಡಿತೆಂದೇ ತರಿಸಿಕೊಂಡೆ. ಬಂದ ಕುರ್ತಾದಲ್ಲಿ ಹಳದಿ ದಾರ ಇದೆ, ಏಕೆ?

“ಏನಂತ ಹೇಳ್ಲಿ ಸಾರ್?” ಎಂದರು ವ್ಯಾಪಾರಿ.